ಅತ್ತೆಗೆ ಬರೆದ ಸಂಕ್ರಾಂತಿ ಶುಭಾಶಯ

ಸಂಕ್ರಾಂತಿಯ ಹಿಂದಿನ ದಿನ ನನ್ನ ಮೊಬೈಲಿಗೆ ಒಂದೇ ಸಂದೇಶ ನಾಲ್ಕು ಕಡೆಯಿಂದ ಬಂದಿತ್ತು. ಮೇಲೆ ಜೋಡಿ ಬಾಣದ ಗುರುತು. ವಾಟ್ಸ್‌ಆ್ಯಪ್‌ನಲ್ಲಿ ಐದು ಅಥವಾ ಹೆಚ್ಚು ಕೈ ದಾಟಿ ಬಂದ ಸಂದೇಶಕ್ಕೆ ಆ ಗುರುತು ಬೀಳುತ್ತದೆ.

"ಸೂರ್ಯ ಪಥ ಬದಲಿಸುವ ಈ ಶುಭದಿನ ನಿಮ್ಮ ಬಾಳಿನಲ್ಲಿ ಸುಖ, ಶಾಂತಿ, ಸಮೃದ್ಧಿ, ಆರೋಗ್ಯ, ಐಶ್ವರ್ಯ ತುಂಬಿ ತುಳುಕಲಿ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡಿ. ನಿಮಗೂ ನಿಮ್ಮ ಕುಟುಂಬದವರಿಗೂ ಹಾರ್ದಿಕ ಶುಭಾಶಯಗಳು."

ಇದನ್ನು ನಕಲು ಮಾಡಿ ಅಂಟಿಸಿದರೆ ಬಾಣದ ಗುರುತು ಹೋಗುತ್ತದೆ, ಆದರೆ ಮಾತು ಅದೇ ಉಳಿಯುತ್ತದೆ. ಹನುಮಂತನಗರದಲ್ಲಿರುವ ನನ್ನ ಸೋದರತ್ತೆಗೆ ಅದನ್ನು ಕಳಿಸಲು ಮನಸ್ಸು ಒಪ್ಪಲಿಲ್ಲ.

ಮೊದಲು ಯುಗಾದಿಗೂ ದೀಪಾವಳಿಗೂ ಹೊಂದುವ ಪದಗಳನ್ನೆಲ್ಲ ಹೊಡೆದುಹಾಕಿದೆ. ಸುಖದಿಂದ ಐಶ್ವರ್ಯದವರೆಗೆ ಐದೂ ಹೋದವು. "ನಿಮ್ಮ ಕುಟುಂಬದವರಿಗೂ" ಎಂಬುದೂ ಹೋಯಿತು. ಅತ್ತೆಯ ಮನೆಯವರ ಹೆಸರು ಗೊತ್ತಿರುವ ನಾನು ಹಾಗೆ ಬರೆಯುವುದೇ ತಪ್ಪು. ಉಳಿದದ್ದು ಸೂರ್ಯ ಮತ್ತು ಎಳ್ಳುಬೆಲ್ಲದ ಮಾತು. ಎರಡನೆಯದನ್ನು ಇಟ್ಟುಕೊಂಡೆ. ಅದು ಯಾರೋ ಬರೆದು ಹಂಚಿದ ಸಾಲಲ್ಲ, ಎಳ್ಳು ಬೀರುವಾಗ ಅತ್ತೆಯೇ ನನಗೆ ಹೇಳಿಕೊಟ್ಟ ಮಾತು.

ಆಮೇಲೆ ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಬೇಕಾಯಿತು. ಇಲ್ಲಿ ಎಡವಿದೆ. ತೀರಿಕೊಂಡ ಮಾವ ಗಾಂಧಿ ಬಜಾರಿನಿಂದ ಕಬ್ಬು ಹೊತ್ತು ತರುತ್ತಿದ್ದುದನ್ನು ಬರೆದೆ. ಗಟ್ಟಿಯಾಗಿ ಓದಿದಾಗ ಎರಡನೆಯ ವಾಕ್ಯಕ್ಕೇ ನನ್ನ ದನಿ ತಗ್ಗಿತು. ಹಬ್ಬದ ಬೆಳಗ್ಗೆ ಒಬ್ಬರೇ ಕುಳಿತು ಓದುವವರಿಗೆ ಅದು ಸಂತಾಪದ ಪತ್ರವಾಗುತ್ತಿತ್ತು. ಅಳಿಸಿದೆ. ಮಾವನ ನೆನಪನ್ನು ಎದುರು ಕುಳಿತೇ ಹಂಚಿಕೊಳ್ಳಬೇಕು. ಸಂದೇಶಕ್ಕೆ ಆ ವಾರ ನನ್ನ ಕೈಯಲ್ಲೇ ಇದ್ದ ಎಳ್ಳುಬೆಲ್ಲದ ಕೆಲಸವೇ ಸಾಕಿತ್ತು.

ಕೊನೆಗೆ ಹಾರೈಕೆ. "ಆರೋಗ್ಯ ಸಿಗಲಿ" ಎಂದರೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಅತ್ತೆಗೆ ಮೊಣಕಾಲು ನೋವು. ಹೋದ ಕಾರ್ತಿಕದಲ್ಲಿ ಪರಿಷೆಗೆ ಬರಲಾಗಲಿಲ್ಲ ಎಂದು ಬೇಸರಪಟ್ಟಿದ್ದರು. ನೋವನ್ನು ಹೆಸರಿಸದೆ ಆಸೆಯನ್ನು ಮಾತ್ರ ಬರೆದೆ:

"ಅತ್ತೆ, ನಿನ್ನೆ ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಒಂದಿಷ್ಟೂ ಬಿಡದೆ ಹೆರೆದೆ, ನೀವು ಬೈಯಬಾರದೆಂದು. ಬೆಲ್ಲದ ಚೂರು ಮಾತ್ರ ದಪ್ಪವಾಗಿವೆ. ಸಂಜೆ ಡಬ್ಬಿ ತರುತ್ತೇನೆ. ಈ ವರ್ಷದ ಕಡಲೆಕಾಯಿ ಪರಿಷೆಗೆ ನಾವಿಬ್ಬರೂ ಬಸವನಗುಡಿಗೆ ನಡೆದೇ ಹೋಗುವಂತಾಗಲಿ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡೋಣ."

ಕಳಿಸುವ ಮುನ್ನ ಇದನ್ನು ಚಿಕ್ಕಮ್ಮನಿಗೆ ಕಳಿಸಿದರೆ ಹೊಂದುತ್ತದೆಯೇ ಎಂದು ನೋಡಿದೆ. ಹೊಂದಲಿಲ್ಲ, ಅಂದರೆ ಕೆಲಸ ಆಗಿತ್ತು. ಹೀಗೆ ಬರೆಯಲು ಅರ್ಧ ಗಂಟೆ ಹಿಡಿಯುತ್ತದೆ. ಹಾಗಾಗಿ ಹಬ್ಬಕ್ಕೆ ಆರೇಳು ಜನರಿಗಷ್ಟೇ ಬರೆಯುತ್ತೇನೆ. ಕಚೇರಿಯವರಿಗೆ ಅವರ ಹೆಸರು ಸೇರಿಸಿ ಒಂದೇ ಸಾಲು.

ಪ್ರತಿ ವರ್ಷ ಕೈ ಮುಗಿದ ಚಿತ್ರ ಕಳಿಸುತ್ತಿದ್ದ ಅತ್ತೆ ಈ ಸಲ ಫೋನ್ ಮಾಡಿದರು. "ಬೆಲ್ಲವನ್ನು ಹೆಚ್ಚಿದ ಮೇಲೆ ಬಿಸಿಲಿಗೆ ಇಟ್ಟೆಯಾ?" ಎಂದು ಕೇಳಿದರು.