ಹೆಂಚಿನ ಮನೆ, ಜಡಿಮಳೆ, ಎರಡು ಫೋನು: ಪತ್ರೊಡೆ ವಿಡಿಯೋ ಮಾಡಿದ ಬಗೆ

ಮಲೆನಾಡಿನಲ್ಲಿ ಮಳೆ ಹಿಡಿಯಿತು ಅಂದರೆ ಫೋನಿನಲ್ಲಿ ವಿಡಿಯೋ ಮಾಡುವವರಿಗೆ ಬೆಳಕಿನದ್ದೇ ಚಿಂತೆ. ನನಗೆ ಹಾಗನ್ನಿಸಿಲ್ಲ. ಮಳೆಗಾಲದ ಮೋಡದ ಬೆಳಕು ತುಂಬಾ ಒಳ್ಳೆಯದು. ಇಡೀ ಆಕಾಶದಿಂದ ಹರಡಿಕೊಂಡು ಬರುವುದರಿಂದ ಮುಖದ ಮೇಲೆ ಗಡುಸಾದ ನೆರಳು ಬೀಳುವುದಿಲ್ಲ. ನಿಜವಾದ ತಲೆನೋವು ಸದ್ದಿನದ್ದು. ಹೆಂಚಿನ ಮೇಲೆ ಮಳೆ, ಅಂಗಳದ ತಗಡಿನ ಶೀಟಿನ ಮೇಲೆ ಇನ್ನೂ ಜೋರು ಮಳೆ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ಮಾತು ಕೇಳದಿದ್ದರೆ ಬೆರಳು ಮುಂದಿನ ವಿಡಿಯೋಗೆ ಹೋಗಿಯೇ ಬಿಡುತ್ತದೆ.

ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ದೊಡ್ಡಮ್ಮನ ಮನೆಯಿದೆ. ಅಲ್ಲಿ ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ ಬೇಯಿಸುವ ಪತ್ರೊಡೆ ಮಾಡುವುದನ್ನು ತೆಗೆದದ್ದು ಹೇಗೆ ಅಂತ ಹೇಳುತ್ತೇನೆ. ಇದ್ದದ್ದು ನನ್ನ ಫೋನು, ಅಣ್ಣನ ಹಳೆಯ ಫೋನು, ಕೆಲವು ನೂರು ರೂಪಾಯಿಗೆ ಸಿಗುವ ಕಾಲರ್ ಮೈಕು, ಒಂದು ಗಿಡ್ಡ ಟ್ರೈಪಾಡ್. ಅಷ್ಟೇ.

ಮೊದಲು ಜಾಗ ಹುಡುಕಿದೆ. ಅಡುಗೆಮನೆಗೆ ಒಂದೇ ಕಿಟಕಿ. ಕೈಯನ್ನು ಮುಖದಷ್ಟು ಎತ್ತರಕ್ಕೆ ಹಿಡಿದು ಅಂಗೈ ತಿರುಗಿಸುತ್ತಾ ಅಲ್ಲಿ ಇಲ್ಲಿ ನಿಂತು ನೋಡಿದೆ. ಎಲ್ಲಿ ಅಂಗೈಯ ಒಂದು ಪಕ್ಕ ಬೆಳಗಿ, ಇನ್ನೊಂದು ಪಕ್ಕ ನಿಧಾನಕ್ಕೆ ಮಸುಕಾಗುತ್ತದೋ ಅಲ್ಲೇ ಮಣೆ ಹಾಕಿದೆ. ಕಿಟಕಿ ದೊಡ್ಡಮ್ಮನಿಗೆ ಓರೆಯಾಗಿ ಮುಂದೆ ಬಂತು. ಕಿಟಕಿಗೆ ಬೆನ್ನು ಮಾಡಿ ಕೂರಿಸಿದರೆ ಹೊರಗಿನ ತೋಟ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಮುಖ ಕಪ್ಪಾಗುತ್ತದೆ. ನೆರಳಿನ ಪಕ್ಕ ತೀರಾ ಕತ್ತಲಾಗದಿರಲಿ ಅಂತ ಅತ್ತ ಕಡೆ ಒಂದು ಬಿಳಿ ಪಂಚೆ ಕಟ್ಟಿದೆ. ಕಿಟಕಿಯ ಬೆಳಕು ಅದಕ್ಕೆ ಬಡಿದು ಕೆನ್ನೆಗೆ ವಾಪಸ್ ಬರುತ್ತದೆ. ಪಂಚೆ ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ಆದರೆ ಅದು ಚೌಕಟ್ಟಿನೊಳಗೆ ಕಾಣಬಾರದು.

ಆಮೇಲೆ ಬಲ್ಬ್ ಆರಿಸಿದೆ. "ಯಾಕೋ ಮಾರಾಯ, ಲೈಟ್ ಹಾಕ್ಬಾರ್ದಾ? ಎಲೆ ನಾರು ಕಾಣಲ್ಲ ನಂಗೆ" ಅಂದರು ದೊಡ್ಡಮ್ಮ. "ಎರಡು ನಿಮಿಷ ಕೂತ್ಕೊಳಿ ದೊಡ್ಡಮ್ಮ, ಕಣ್ಣು ಹೊಂದ್ಕೊಳತ್ತೆ" ಅಂದೆ. ಬಲ್ಬಿನ ಹಳದಿ ಬೆಳಕೂ ಕಿಟಕಿಯ ನೀಲಿ ಛಾಯೆಯ ಬೆಳಕೂ ಬೆರೆತರೆ ಮುಖದ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು ಬಣ್ಣ ಆಗುತ್ತದೆ. ಅದನ್ನು ಎಡಿಟಿಂಗ್‌ನಲ್ಲಿ ಸರಿ ಮಾಡುವುದು ಬಹಳ ಕಷ್ಟ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಇನ್ನೊಂದು ತೊಂದರೆ ಇದೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅವು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗಲ್ಲ, ವಿಡಿಯೋದಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಬಲ್ಬ್ ಬೇಕೇ ಬೇಕು ಅನ್ನುವಾಗ ಪ್ರೊ ಮೋಡ್‌ನಲ್ಲಿ ಶಟರ್ 1/50 ಅಥವಾ 1/100 ಇಟ್ಟರೆ ಪಟ್ಟೆ ಹೋಗುತ್ತದೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟೇ ಇರಲ್ಲ, ಆ ಮಟ್ಟಿಗೆ ನಿಶ್ಚಿಂತೆ.

ಮೋಡ ಸರಿದಾಗ ಫೋನು ತಾನಾಗಿಯೇ ಬೆಳಕು ಹೆಚ್ಚು ಕಮ್ಮಿ ಮಾಡಲು ಹೋಗುತ್ತದೆ. ಬಿಳಿ ಹಿಟ್ಟಿನ ಪಾತ್ರೆ ಚೌಕಟ್ಟಿಗೆ ಬಂದ ಕೂಡಲೇ ಮುಖ ಕಪ್ಪಾಗುವುದೂ ಇದರಿಂದಲೇ. ಹಾಗಾಗಿ ಪರದೆ ಮೇಲೆ ದೊಡ್ಡಮ್ಮನ ಮುಖದ ಜಾಗವನ್ನು ಒತ್ತಿ ಹಿಡಿದು, ಬೆಳಕೂ ಫೋಕಸೂ ಅಲ್ಲಾಡದ ಹಾಗೆ AE/AF LOCK ಹಾಕಿದೆ. ಸೂರ್ಯನ ಗುರುತನ್ನು ಒಂಚೂರು ಕೆಳಗೆ ಎಳೆದೆ. ಮುಖ ಸ್ವಲ್ಪ ಕಪ್ಪಾದರೆ ಆಮೇಲೆ ಎತ್ತಿಕೊಳ್ಳಬಹುದು. ಹಿಟ್ಟು ಬೆಳ್ಳಗೆ ಸುಟ್ಟುಹೋದರೆ ಅದರ ತರಿ ಮತ್ತೆ ಸಿಗುವುದಿಲ್ಲ.

ಫೋನನ್ನು ಎಷ್ಟು ಎತ್ತರಕ್ಕೆ ಇಡಬೇಕು ಅನ್ನುವುದು ಸಣ್ಣ ವಿಷಯ ಅನ್ನಿಸಬಹುದು, ಆದರೆ ವಿಡಿಯೋದ ಕಳೆ ಬದಲಾಗುವುದು ಅಲ್ಲೇ. ಅವರು ಮಣೆ ಮೇಲೆ ಕೂತಿದ್ದಾರೆ, ನಾವು ನಿಂತು ತೆಗೆದರೆ ತಲೆ ದೊಡ್ಡದು, ಮೈ ಗಿಡ್ಡ. ಅದಕ್ಕೇ ಟ್ರೈಪಾಡ್ ಅನ್ನು ಅಕ್ಕಿ ಡಬ್ಬಿ ಮೇಲೆ ಇಟ್ಟು ಅವರ ಕಣ್ಣಿನ ಮಟ್ಟಕ್ಕೆ ತಂದೆ. ಗೋಡೆಯಿಂದ ಮೂರು ನಾಲ್ಕು ಅಡಿ ಮುಂದೆ ಕೂರಿಸಿದ್ದೆ. ಹೊಗೆ ಹಿಡಿದ ಗೋಡೆ ಹಿಂದೆ ಕಪ್ಪಗೆ ನಿಂತು, ಮುಖವೂ ಕೆಸುವಿನ ಹಸಿರೂ ಎದ್ದು ಕಂಡವು. ನೀಲಿ ಪ್ಲಾಸ್ಟಿಕ್ ಬಕೆಟ್ಟನ್ನು ಮಾತ್ರ ಹೊರಗೆ ಸಾಗಿಸಿದೆ, ಕಣ್ಣು ಅಲ್ಲಿಗೇ ಹೋಗುತ್ತಿತ್ತು. ವಿಡಿಯೋ ನಿಲುವಿನದ್ದಾದ್ದರಿಂದ ಕೈ ಮತ್ತು ಎಲೆ ನಡುವಿನಲ್ಲೇ ಇರುವಂತೆ ನೋಡಿಕೊಂಡೆ. ಕೆಳಗಿನ ಭಾಗವನ್ನು ಆ್ಯಪ್‌ನ ಬರಹ ಮುಚ್ಚುತ್ತದೆ.

ಈಗ ಸದ್ದಿಗೆ ಬರೋಣ. ಮೈಕು ಬಾಯಿಂದ ಎಷ್ಟು ದೂರ ಇದೆ ಅನ್ನುವುದು ಮೈಕಿನ ಬೆಲೆಗಿಂತ ಮುಖ್ಯ. ದೂರ ಎರಡು ಪಟ್ಟಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮಳೆ ಸದ್ದು ಸುತ್ತಲಿಂದ ಬರುವುದರಿಂದ ಅದು ಇಳಿಯುವುದೇ ಇಲ್ಲ. ಹಾಗಾಗಿ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದೆ. ಅದರ ವೈರು ಅಣ್ಣನ ಫೋನಿಗೆ. ಆ ಫೋನು ದೊಡ್ಡಮ್ಮನ ಪಕ್ಕದಲ್ಲಿ, ಏರೋಪ್ಲೇನ್ ಮೋಡ್‌ನಲ್ಲಿ, ರೆಕಾರ್ಡರ್ ಆಗಿ ಕೂತಿತು. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ, ಎಡಿಟ್ ಮಾಡುವಾಗ ಎರಡೂ ಫೋನಿನ ಚಪ್ಪಾಳೆಯನ್ನು ಸಾಲಾಗಿ ಇಟ್ಟು ಹೊಂದಿಸಬಹುದು. ಒಂದೊಂದು ತುಣುಕೂ ಚಿಕ್ಕದಿರಲಿ. ಉದ್ದವಾದರೆ ಎರಡು ಫೋನುಗಳ ಗಡಿಯಾರ ಒಂದಕ್ಕೊಂದು ಜಾರಿ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಸೀರೆ ಸೆರಗು ಮೈಕಿಗೆ ಉಜ್ಜಿದರೆ ಗೊರ ಗೊರ ಅನ್ನುತ್ತದೆ. ಅದಕ್ಕೇ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿಯೇ ಮುಂದೆ ಹೋದೆ. ಬಳೆ ಸದ್ದನ್ನು ಬಿಟ್ಟುಬಿಟ್ಟೆ. ಎಲೆಗೆ ಹಿಟ್ಟು ಸವರುವಾಗ ಅದು ಇದ್ದರೇ ಚೆಂದ.

ಮಳೆ ಜೋರಾದ ಮೇಲೆ ಇದೆಲ್ಲ ಸಾಲಲಿಲ್ಲ. ಜೋರು ಮಳೆ ಸದ್ದು ಮಾತಿನ ಎಲ್ಲ ಸ್ವರಗಳ ಮೇಲೂ ಹರಡಿರುತ್ತದೆ. ಸದ್ದು ಕಳೆಯುವ ಆ್ಯಪ್ ಹಾಕಿದರೆ ಮಳೆಯ ಜೊತೆ ಮಾತಿನ ಸ, ಶ ಎಲ್ಲ ಸವೆದು, ನೀರೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಹಾಗಾಗಿ ಚಿತ್ರವನ್ನೂ ಮಾತನ್ನೂ ಬೇರೆ ಮಾಡಿದೆ. ಅಡುಗೆಮನೆಯಲ್ಲಿ ಸುಮ್ನೆ ಕೆಲಸ ಮಾಡಲು ಬಿಟ್ಟು ಬರೀ ಕೈಗಳನ್ನು ತೆಗೆದೆ: ಎಲೆಯ ಹಿಂಬದಿಗೆ ಹಿಟ್ಟು ಸವರುವುದು, ಎಲೆ ಮೇಲೆ ಎಲೆ ಇಡುವುದು, ಸುರುಳಿ ಸುತ್ತುವುದು. ಹತ್ತಿರದ ಈ ಚಿತ್ರಗಳಿಗೆ ಫೋನನ್ನು ಎಲೆಗೆ ತಾಗುವಷ್ಟು ಹತ್ತಿರ ಒಯ್ಯಲಿಲ್ಲ, ಫೋಕಸ್ ಹಿಡಿಯಲ್ಲ. ಒಂದಡಿ ದೂರದಲ್ಲಿಟ್ಟು 2x ಮಾಡಿದೆ.

ಮಾತಿಗೆ ನಡುಮನೆ. ಅಲ್ಲಿ ಮೇಲೆ ಮರದ ಮುಚ್ಚಿಗೆ ಇದೆ, ಹೆಂಚಿನ ಸದ್ದು ಅರ್ಧಕ್ಕರ್ಧ ಅಲ್ಲೇ ತಡೆಯುತ್ತದೆ. ಕತ್ತಲೆ ಕೋಣೆ, ಆದರೆ ಮಾತಿಗೆ ಬೆಳಕು ಯಾಕೆ ಬೇಕು? ಕಾವಿ ನೆಲಕ್ಕೆ ಕಂಬಳಿ ಹಾಸಿ, ಹಿಂದೆ ಹಾಸಿಗೆ ಸುರುಳಿಗಳನ್ನು ಒರಗಿಸಿ ಕೂತೆವು. ಬರೀ ನೆಲ, ಗೋಡೆ ಇದ್ದರೆ ಮಾತು ಗುಂಯ್ ಅನ್ನುತ್ತದೆ. "ಹುಣಸೆಹುಳಿ ಯಾಕೆ ಹಾಕ್ತೀರಿ ದೊಡ್ಡಮ್ಮ?" ಅಂತ ಕೇಳಿದೆ. "ಹಾಕ್ದೆ ಇದ್ರೆ ಗಂಟ್ಲು ತುರ್ಸತ್ತಲ್ಲೋ!" ಅಂದರು. ಇಡೀ ವಿಡಿಯೋದಲ್ಲಿ ಜನ ಜಾಸ್ತಿ ಇಷ್ಟಪಟ್ಟದ್ದು ಈ ಮಾತನ್ನೇ.

ಕೊನೆಗೆ ಜಗುಲಿಯಲ್ಲಿ ಯಾರೂ ಮಾತಾಡದೆ ಒಂದು ನಿಮಿಷ ಬರೀ ಮಳೆಯನ್ನು ರೆಕಾರ್ಡ್ ಮಾಡಿಕೊಂಡೆ. ಅದನ್ನು ಮಾತಿನ ಕೆಳಗೆ ಸಣ್ಣದಾಗಿ ಉದ್ದಕ್ಕೂ ಹರಡಿದರೆ, ನಡುಮನೆಯ ಮಾತು ಅಡುಗೆಮನೆಯ ಚಿತ್ರಕ್ಕೆ ಹೊಂದುತ್ತದೆ. ಕತ್ತರಿಸಿ ಅಂಟಿಸಿದ್ದು ಗೊತ್ತಾಗುವುದೂ ಇಲ್ಲ. ಫೋನಿನ ಸ್ಪೀಕರಿನಲ್ಲಿ ಕೇಳಿದಾಗ ಒಂದು ಮಾತೂ ಮಳೆಯಲ್ಲಿ ಮುಳುಗದಿದ್ದರೆ ಮಟ್ಟ ಸರಿಯಿದೆ ಅಂತ ಅರ್ಥ.

ಬೇಯಿಸುವ ಪಾತ್ರೆಯ ಮುಚ್ಚಳ ತೆಗೆಯುವ ದೃಶ್ಯ ಒಂದೇ ಸಲಕ್ಕೆ ಸಿಗಬೇಕು. ಹಬೆ ಮೇಲಕ್ಕೆ ಬರುವುದರಿಂದ ಫೋನನ್ನು ಪಾತ್ರೆಯ ನೇರ ಮೇಲೆ ಹಿಡಿಯದೆ ಪಕ್ಕದಲ್ಲಿಟ್ಟೆ. ಇಲ್ಲದಿದ್ದರೆ ಲೆನ್ಸಿಗೆ ಮಂಜು ಕೂರುತ್ತದೆ. ಕಿಟಕಿ ಹಬೆಯ ಹಿಂದೆ ಬರುವಂತೆ ನೋಡಿಕೊಂಡೆ. ಮುಖಕ್ಕೆ ಬೇಡ ಅಂದ ಹಿಂಬೆಳಕೇ ಹಬೆಗೆ ಬೇಕು, ಆಗಲೇ ಅದು ಕಾಣುವುದು. ಇದನ್ನೆಲ್ಲ ಮಧ್ಯಾಹ್ನವೇ ಮುಗಿಸಿದೆ. ಮಳೆಗಾಲದಲ್ಲಿ ನಾಲ್ಕು ಗಂಟೆ ದಾಟಿದರೆ ಅಡುಗೆಮನೆ ಮಬ್ಬಾಗುತ್ತದೆ. ಫೋನು ಐಎಸ್‌ಒ ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು ಏರಿಸುತ್ತಾ ಹೋಗುತ್ತದೆ, ಕಪ್ಪು ಗೋಡೆಯಲ್ಲಿ ಕಾಳು ಕಾಳು ಕುಣಿಯಲು ಶುರುವಾಗುತ್ತದೆ. ಅದು ಕಂಡ ಕೂಡಲೇ ನಾನು ಚಿತ್ರ ತೆಗೆಯುವುದನ್ನು ನಿಲ್ಲಿಸಿ ಮಾತಿನ ಕೆಲಸಕ್ಕೆ ನಡುಮನೆಗೆ ಹೋಗುತ್ತೇನೆ.