ಟಿಕೆಟ್‌ನಲ್ಲಿರುವುದು ಯಾವ ಊರಿನ ಗಂಟೆ?

ವಿಮಾನದ ಟಿಕೆಟ್‌ನಲ್ಲಿ ಅಚ್ಚಾಗುವ ಪ್ರತಿ ಸಮಯವೂ ಅದರ ಪಕ್ಕದಲ್ಲಿರುವ ವಿಮಾನ ನಿಲ್ದಾಣದ ಸ್ಥಳೀಯ ಸಮಯ. ಒಂದೇ ಟಿಕೆಟ್‌ನಲ್ಲಿ ಮೂರು ಊರುಗಳ ಗಡಿಯಾರ ಇರಬಹುದು. ಈ ಮಾದರಿ ನೋಡಿ:

ಬೆಂಗಳೂರು 03:15 – ಫ್ರಾಂಕ್‌ಫರ್ಟ್ 08:30
ಫ್ರಾಂಕ್‌ಫರ್ಟ್ 11:00 – ಶಿಕಾಗೊ 13:30
ದಿನಾಂಕ: 12 ಜನವರಿ 2027, ಮಂಗಳವಾರ

ಮೊದಲು ದಿನಾಂಕ ನೋಡಿ. ಮಂಗಳವಾರ 03:15 ಎಂದರೆ ಸೋಮವಾರ ರಾತ್ರಿ ಕಳೆದ ಮೇಲಿನ ನಸುಕು. ಮನೆಯಿಂದ ಹೊರಡಬೇಕಾದ್ದು ಸೋಮವಾರ ರಾತ್ರಿಯೇ. ಮಂಗಳವಾರ ರಾತ್ರಿ ಹೋದರೆ ವಿಮಾನ ಹೋಗಿ ಹೆಚ್ಚುಕಡಿಮೆ ಒಂದು ದಿನವಾಗಿರುತ್ತದೆ.

ಫ್ರಾಂಕ್‌ಫರ್ಟ್‌ನಲ್ಲಿ ಕಾಯುವ ಹೊತ್ತಿಗೆ ಯಾವ ಪರಿವರ್ತನೆಯೂ ಬೇಡ. 08:30 ಮತ್ತು 11:00 ಎರಡೂ ಅಲ್ಲಿನದೇ ಗಂಟೆ, ಹಾಗಾಗಿ ನೇರವಾಗಿ ಕಳೆದರೆ ಎರಡೂವರೆ ತಾಸು. ಇದಕ್ಕೂ ಭಾರತದ ಸಮಯ ಸೇರಿಸಲು ಹೋಗಿಯೇ ಹಲವರ ಲೆಕ್ಕ ತಪ್ಪುತ್ತದೆ. ಆದರೆ ಈ ಎರಡೂವರೆ ತಾಸು ಪೂರ್ತಿ ನಿಮ್ಮದಲ್ಲ: 11:00 ಎಂಬುದು ವಿಮಾನ ಗೇಟ್ ಬಿಟ್ಟು ಕದಲುವ ಸಮಯ, ಬೋರ್ಡಿಂಗ್ ಅದಕ್ಕೂ ಮೊದಲೇ ಮುಗಿದಿರುತ್ತದೆ. ಬೋರ್ಡಿಂಗ್ ಪಾಸ್‌ನಲ್ಲಿರುವ ಸಮಯವನ್ನೇ ಗಡುವು ಎಂದುಕೊಳ್ಳಿ.

ಊರಲ್ಲಿರುವವರಿಗೆ ಆ ವಿಮಾನ ನಿಜವಾಗಿ ಯಾವಾಗ ಹೊರಡುತ್ತದೆ? ಚಳಿಗಾಲದಲ್ಲಿ ಫ್ರಾಂಕ್‌ಫರ್ಟ್ ಸಮಯಕ್ಕೆ ನಾಲ್ಕೂವರೆ ತಾಸು ಕೂಡಿಸಿದರೆ ಭಾರತದ ಸಮಯ. ಅಂದರೆ ಮಂಗಳವಾರ ಮಧ್ಯಾಹ್ನ 15:30. ಶಿಕಾಗೊಗೆ ಕೂಡಿಸಬೇಕಾದ್ದು ಹನ್ನೊಂದೂವರೆ: ಅಲ್ಲಿನ 13:30 ನಮಗೆ ಬುಧವಾರ ನಸುಕಿನ 01:00. ಟಿಕೆಟ್‌ನಲ್ಲಿ ಎರಡೂವರೆ ತಾಸಿನಂತೆ ಕಾಣುವ ಹಾರಾಟ ಅಸಲಿಗೆ ಒಂಬತ್ತೂವರೆ ತಾಸಿನದು. ಟಿಕೆಟ್‌ನಲ್ಲಿ ಪ್ರಯಾಣದ ಅವಧಿ ಕೊಟ್ಟಿದ್ದರೆ ಇದರೊಂದಿಗೆ ತಾಳೆ ನೋಡಿ. ಒಂದು ತಾಸು ವ್ಯತ್ಯಾಸ ಬಂದರೆ ಬೇಸಿಗೆ ಸಮಯದ ಮೇಲೆ ಅನುಮಾನಪಡಿ.

ಬೇಸಿಗೆಯಲ್ಲಿ ಆ ಎರಡೂ ಊರುಗಳ ಗಡಿಯಾರ ಒಂದು ತಾಸು ಮುಂದಕ್ಕೆ ಹೋಗುತ್ತದೆ, ನಮ್ಮದು ಹೋಗುವುದಿಲ್ಲ. ಆಗ ಕೂಡಿಸಬೇಕಾದ್ದು ಮೂರೂವರೆ ಮತ್ತು ಹತ್ತೂವರೆ. ಎರಡೂ ಒಂದೇ ದಿನ ಬದಲಾಗುವುದಿಲ್ಲ ಎಂಬುದೇ ತೊಡಕು. 2027ರಲ್ಲಿ ಅಮೆರಿಕ ಮಾರ್ಚ್ 14ರಂದು ಬದಲಿಸಿದರೆ ಜರ್ಮನಿ ಮಾರ್ಚ್ 28ರಂದು. ನಡುವಿನ ಎರಡು ವಾರ ಶಿಕಾಗೊಗೆ ಹತ್ತೂವರೆ, ಫ್ರಾಂಕ್‌ಫರ್ಟ್‌ಗೆ ಇನ್ನೂ ನಾಲ್ಕೂವರೆ.

ಫೋನಿನ ಕ್ಯಾಲೆಂಡರ್‌ನಲ್ಲಿ ಬರೆದಿಡುವಾಗ ವಿಶೇಷ ಎಚ್ಚರ ಬೇಕು. ಬೆಂಗಳೂರಿನಲ್ಲಿ ಕೂತು ‘11:00 ಶಿಕಾಗೊ ವಿಮಾನ’ ಎಂದಷ್ಟೇ ನಮೂದಿಸಿದರೆ ಫೋನ್ ಅದನ್ನು ಭಾರತದ 11:00 ಎಂದೇ ತಿಳಿಯುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದೊಡನೆ ಅದೇ ನಮೂದು 06:30 ಎಂದು ತೋರಿಸುತ್ತದೆ, ವಿಮಾನ ತಪ್ಪಿತೆಂದು ಜೀವ ಹಾರಿಹೋಗುತ್ತದೆ. ನಮೂದಿನ ಟೈಮ್ ಝೋನ್ ಆಯ್ಕೆಯಲ್ಲಿ ಫ್ರಾಂಕ್‌ಫರ್ಟ್ ಅಥವಾ ಬರ್ಲಿನ್ ಆರಿಸಿ. ಆಗ ಇಲ್ಲಿ 15:30, ಅಲ್ಲಿ 11:00 ಎಂದು ಸರಿಯಾಗಿ ಕಾಣುತ್ತದೆ.