ಚಟ್ನಿ ಬಿದ್ದ ಕ್ಯೂಆರ್ ಓದುತ್ತದೆ, ಚೊಕ್ಕಟವಾದದ್ದು ಓದುವುದಿಲ್ಲ!

ಕ್ಯಾತ್ಸಂದ್ರದಲ್ಲಿ ನಾನು ತಟ್ಟೆ ಇಡ್ಲಿ ತಿನ್ನುವ ಹೋಟೆಲಿನಲ್ಲಿ ಎರಡು ಕ್ಯೂಆರ್ ಹಲಗೆಗಳಿವೆ. ಗಲ್ಲಾಪೆಟ್ಟಿಗೆಯ ಪಕ್ಕದ್ದು ಹೊಸದು, ಹೊಳೆಯುತ್ತದೆ. ಇಡ್ಲಿ ಬಡಿಸುವ ಕಟ್ಟೆಯ ಮೇಲಿನದು ಹಳೆಯದು, ನಡುವೆ ಒಣಗಿ ಕಪ್ಪಾದ ಚಟ್ನಿಯ ಕಲೆ. ಕಲೆ ಬಿದ್ದದ್ದು ಮೊಬೈಲ್ ಹಿಡಿದ ಕೂಡಲೇ ಓದುತ್ತದೆ. ಹೊಸದರ ಮುಂದೆ ಗಿರಾಕಿಗಳು ಫೋನನ್ನು ಹಿಂದೆ ಮುಂದೆ ಆಡಿಸುತ್ತ ನಿಲ್ಲುತ್ತಾರೆ. "ಇದರೊಳಗಿನ ದುಡ್ಡು ಖಾಲಿಯಾಗಿರಬೇಕು ಸಾರ್" ಎಂದು ಮಾಲೀಕರು ನಕ್ಕರು.

ದುಡ್ಡು ಅದರೊಳಗೆ ಇರುವುದೇ ಇಲ್ಲ. ಇರುವುದು ಒಂದು ಸಾಲಿನ ಬರಹ, ಯಾರಿಗೆ ಹಣ ಕಳುಹಿಸಬೇಕು ಎಂಬ ವಿಳಾಸ. ಉದಾಹರಣೆಗೆಂದು ನಾನೇ ಕಟ್ಟಿದ ಸಾಲು ಇಲ್ಲಿದೆ:

```
upi://pay?pa=idli@example&pn=TATTEIDLI
```

ಎಣಿಸಿದರೆ 38 ಅಕ್ಷರ. ಒಂದೊಂದು ಅಕ್ಷರವೂ ಕಂಪ್ಯೂಟರಿಗೆ ಒಂದು ಬೈಟ್, ಅಂದರೆ ಎಂಟು ಸೊನ್ನೆ-ಒಂದುಗಳ ಗುಂಪು. ಮೊದಲ ಅಕ್ಷರ u ಎಂದರೆ 01110101. ಕಾಗದದ ಮೇಲೆ ಒಂದು ಎಂದರೆ ಕಪ್ಪು ಮನೆ, ಸೊನ್ನೆ ಎಂದರೆ ಬಿಳಿ ಮನೆ. ಚೌಕಾಬಾರದ ಪಟದಂತೆ ಇವನ್ನೂ ಮನೆಗಳೆಂದೇ ಕರೆಯೋಣ. 'ಇದು ಅಕ್ಷರಗಳ ಬರಹ, ಉದ್ದ 38' ಎಂಬ ಮುನ್ನುಡಿಗೂ ಕೊನೆಯ ಗುರುತಿಗೂ ಸೇರಿ ಎರಡು ಬೈಟ್ ಬೇಕು. ಅಲ್ಲಿಗೆ 40. ಈ ಸಾಲು ಹಿಡಿಸುವ ಪಟದಲ್ಲಿ ಬರಹಕ್ಕೆ 44 ಬೈಟ್ ಜಾಗವಿದೆ. ಉಳಿದ ನಾಲ್ಕರಲ್ಲಿ ಅರ್ಥವಿಲ್ಲದ ಭರ್ತಿ ತುಂಬುತ್ತಾರೆ. ಇದಾದ ಮೇಲೆ ಇನ್ನೂ 26 ಬೈಟ್ ಸೇರುತ್ತವೆ. ಕಲೆಗೆ ಬಗ್ಗದ ಗುಟ್ಟು ಇರುವುದು ಈ 26ರಲ್ಲಿ. ಒಟ್ಟು 70 ಬೈಟ್, 29 ಅಡ್ಡಸಾಲು, 29 ಉದ್ದಸಾಲಿನ ಪಟ.

ಈಗ ಫೋನ್ ಏನು ಮಾಡುತ್ತದೆ ನೋಡೋಣ. ಮೊದಲು ಬಣ್ಣಗಳನ್ನೆಲ್ಲ ಬಿಟ್ಟು, ಬೆಳಕು ಎಷ್ಟು ಎಂದಷ್ಟೇ ನೋಡಿ ಚಿತ್ರವನ್ನು ಕಪ್ಪು-ಬಿಳಿ ಮಾಡುತ್ತದೆ. ಆದ್ದರಿಂದ ತೆಳುವಾದ ಅರಿಶಿನದ ಕಲೆ ಅದಕ್ಕೆ ಕಾಣುವುದೇ ಇಲ್ಲ. ಹಳದಿ ಅದರ ಪಾಲಿಗೆ ಬಿಳಿಯೇ. ಎರಡನೆಯದಾಗಿ ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕದ ಕಣ್ಣುಗಳನ್ನು ಹುಡುಕುತ್ತದೆ. ಕಣ್ಣಿನ ನಡುವೆ ಗೆರೆ ಎಳೆದರೆ ಒಂದು ಪಾಲು ಕಪ್ಪು, ಒಂದು ಬಿಳಿ, ಮೂರು ಕಪ್ಪು, ಒಂದು ಬಿಳಿ, ಒಂದು ಕಪ್ಪು ಎಂಬ ಲೆಕ್ಕ ಸಿಗುತ್ತದೆ. ಪಟ ಓರೆಯಾಗಿದ್ದರೂ ತಲೆಕೆಳಗಾಗಿದ್ದರೂ ಈ ಅನುಪಾತ ಕೆಡುವುದಿಲ್ಲ. ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹರಾ ಮತ್ತು ಸಂಗಡಿಗರು ವಾಹನದ ಬಿಡಿಭಾಗಗಳ ಲೆಕ್ಕಕ್ಕೆಂದು 1994ರಲ್ಲಿ ಈ ಕೋಡ್ ತಂದಾಗ, ಬೇರೆ ಮುದ್ರಿತ ಬರಹಗಳಲ್ಲಿ ಅಪರೂಪವಾದ ಅನುಪಾತವೆಂದೇ ಇದನ್ನು ಆರಿಸಿಕೊಂಡಿದ್ದರು.

ಮೂರು ಕಣ್ಣು ಸಿಕ್ಕರೆ ಉಳಿದದ್ದು ಸಲೀಸು. ಕಣ್ಣುಗಳ ನಡುವಿನ ದೂರದಿಂದ ಪಟದ ಅಳತೆ ತಿಳಿಯುತ್ತದೆ, ಓರೆಯನ್ನು ನೇರ ಮಾಡಿ ಮನೆಗಳ ಜಾಲವನ್ನು ಅದರ ಮೇಲೆ ಹಾಸುವುದು ಸಾಧ್ಯವಾಗುತ್ತದೆ. ಆಮೇಲೆ ಬಲಗಡೆ ಕೆಳಮೂಲೆಯಿಂದ ಎರಡೆರಡು ಉದ್ದಸಾಲು ಹಿಡಿದು ಮೇಲಕ್ಕೆ, ಮತ್ತೆ ಕೆಳಕ್ಕೆ ಹಾವಿನಂತೆ ಓದುತ್ತ ಹೋಗುತ್ತದೆ. ಹೀಗಾಗಿ ಒಂದು ಬೈಟ್ ಸಾಮಾನ್ಯವಾಗಿ ಎರಡು ಮನೆ ಅಗಲ, ನಾಲ್ಕು ಮನೆ ಎತ್ತರದ ಇಟ್ಟಿಗೆಯಾಗಿರುತ್ತದೆ. ಈ ಇಟ್ಟಿಗೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಓದಿದ 70 ಬೈಟ್‌ಗಳಲ್ಲಿ ಕೆಲವು ತಪ್ಪಾಗಿರುತ್ತವೆ. ಯಾವುವು ಎಂದು ಫೋನಿಗೆ ಗೊತ್ತಿಲ್ಲ. ಹಾಗಿದ್ದೂ ಅದು ಸರಿಪಡಿಸುವುದು ಹೇಗೆ? ಪುಟ್ಟ ಲೆಕ್ಕದಲ್ಲಿ ನೋಡಬಹುದು. ನಾನು ನಿಮಗೆ 5 ಮತ್ತು 8 ಎಂಬ ಎರಡು ಸಂಖ್ಯೆ ಕಳುಹಿಸಬೇಕು. ಅದೇ ಏರಿಕೆಯಲ್ಲಿ ಮುಂದೆ ಬರುವ 11, 14 ಎಂಬ ಎರಡನ್ನೂ ಹೆಚ್ಚಾಗಿ ಸೇರಿಸಿ ಕಳುಹಿಸುತ್ತೇನೆ. ದಾರಿಯಲ್ಲಿ ಒಂದು ಕೆಟ್ಟು ನಿಮಗೆ 5, 2, 11, 14 ಎಂದು ತಲುಪುತ್ತದೆ. ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಮೂರು ಚುಕ್ಕಿಗಳು ಒಂದೇ ನೇರ ಗೆರೆಯ ಮೇಲೆ ಕೂರುತ್ತವೆ, 2 ಮಾತ್ರ ಹೊರಗೆ ಬೀಳುತ್ತದೆ. ತಪ್ಪು ಯಾವುದೆಂದೂ ತಿಳಿಯಿತು, ಅಲ್ಲಿ 8 ಇರಬೇಕಿತ್ತು ಎಂದೂ ತಿಳಿಯಿತು. ಎರಡು ಹೆಚ್ಚಿನ ಸಂಖ್ಯೆ ಕೊಟ್ಟರೆ ಒಂದು ತಪ್ಪು ರಿಪೇರಿ. ಎರಡು ಕೆಟ್ಟರೆ ಈ ಉಪಾಯ ನಡೆಯದು.

ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ. ನೇರ ಗೆರೆಯ ಬದಲು ಅಲ್ಲಿ ಬಹಳ ತಿರುವುಗಳ ಸಮೀಕರಣವಿರುತ್ತದೆ, ಅಷ್ಟೆ. ನಮ್ಮ ಪಟದ 26 ಹೆಚ್ಚಿನ ಬೈಟ್‌ಗಳಿಂದ, ಅದೇ ಲೆಕ್ಕದಲ್ಲಿ, 70ರ ಪೈಕಿ ಎಲ್ಲಿಯಾದರೂ 13 ಬೈಟ್ ಕೆಟ್ಟರೂ ರಿಪೇರಿ ಮಾಡಬಹುದು. ಹದಿನಾಲ್ಕನೆಯದು ಕೆಟ್ಟಿತೆಂದರೆ ಫೋನ್ ಸುಮ್ಮನಾಗುತ್ತದೆ. ಅರೆಬರೆ ಓದಿ ಬೇರೆಯವರಿಗೆ ಹಣ ಕಳುಹಿಸುವ ಭಯ ಬೇಡ. ಗೆರೆ ಕೂಡದಿದ್ದರೆ ಅದು ಆ ಚಿತ್ರವನ್ನು ಬಿಟ್ಟು ಕ್ಯಾಮೆರಾದ ಮುಂದಿನ ಚಿತ್ರವನ್ನು ಪರೀಕ್ಷಿಸುತ್ತದೆ.

ಇಲ್ಲಿ ಲೆಕ್ಕಕ್ಕೆ ಬರುವುದು ಬೈಟ್, ಮನೆಯಲ್ಲ. ಇಟ್ಟಿಗೆಯ ಎಂಟು ಮನೆಗಳಲ್ಲಿ ಒಂದು ಕೆಟ್ಟರೂ ಒಂದು ಬೈಟ್ ನಷ್ಟ, ಎಂಟೂ ಕೆಟ್ಟರೂ ನಷ್ಟ ಒಂದೇ. ಆದ್ದರಿಂದ ಒಂದೇ ಕಡೆ ಬಿದ್ದ ದೊಡ್ಡ ಕಲೆಗಿಂತ ಅಲ್ಲಲ್ಲಿ ಸಿಡಿದ ಹನಿಗಳು ಹೆಚ್ಚು ಅಪಾಯ. ಒಗ್ಗರಣೆ ಸಿಡಿದಂತೆ ಹದಿನೈದು ಇಟ್ಟಿಗೆಗಳ ಮೇಲೆ ಒಂದೊಂದು ಕಪ್ಪು ಚುಕ್ಕಿ ಬಿಳಿ ಮನೆಗಳನ್ನೇ ಹುಡುಕಿ ಕೂತರೆ, ಕಣ್ಣಿಗೆ ಪಟ ಚೆನ್ನಾಗಿಯೇ ಕಾಣುತ್ತದೆ, ಫೋನಿಗೆ ಮಾತ್ರ ಆಗದು. ನಮ್ಮ ಪಟವನ್ನು ಒಂದು ಮನೆಗೆ 3 ಮಿಲಿಮೀಟರಿನಂತೆ ಮುದ್ರಿಸಿದರೆ ಅದು 8.7 ಸೆಂಟಿಮೀಟರ್ ಅಗಲವಾಗುತ್ತದೆ. ಅದರ ಮೇಲೆ 2 ಸೆಂಟಿಮೀಟರ್ ಅಗಲದ ಗುಂಡನೆಯ ಕಲೆ ಸುಮಾರು ಹತ್ತು ಇಟ್ಟಿಗೆಗಳನ್ನು ಮುಟ್ಟುತ್ತದೆ, ಓದಬಹುದು. 3 ಸೆಂಟಿಮೀಟರಿನದು ಹದಿನೆಂಟರ ಹತ್ತಿರ ಮುಟ್ಟುತ್ತದೆ. ಅಲ್ಲಿಗೆ ಮುಗಿಯಿತು. ಹೋಟೆಲಿನ ಕಲೆ ನನ್ನ ಹೆಬ್ಬೆರಳಿನಷ್ಟಿತ್ತು.

ಈ ಹೆಚ್ಚಿನ ಬೈಟ್‌ಗಳ ಪ್ರಮಾಣಕ್ಕೆ ನಾಲ್ಕು ಮಟ್ಟಗಳಿವೆ, ಸುಮಾರು ಶೇ 7, 15, 25 ಮತ್ತು 30ರಷ್ಟು ಹಾನಿ ತಾಳುವಂಥವು. ನಾನು ಹೇಳಿದ್ದು ಎರಡನೆಯದು. ಎಲ್ಲರೂ ಶೇ 30ರದ್ದನ್ನೇ ಹಾಕಿಸಬಾರದೇಕೆ ಎಂದರೆ, ಅದೇ 38 ಅಕ್ಷರಕ್ಕೆ ಆಗ 37 ಸಾಲಿನ ಪಟ ಬೇಕು. ಅಷ್ಟೇ ಕಾಗದದಲ್ಲಿ ಮನೆಗಳು ಚಿಕ್ಕವಾಗಿ, ದೂರದಿಂದ ಹಿಡಿದ ಫೋನಿಗೆ ಅವು ಮಸುಕಾಗುತ್ತವೆ. ನಡುವೆ ಲಾಂಛನ ಮುದ್ರಿಸಿದ ಕೋಡುಗಳಲ್ಲಿ ಲಾಂಛನವೂ ಒಂದು ಕಲೆಯೇ. ರಿಪೇರಿಯ ಪಾಲಿನಲ್ಲಿ ಒಂದಿಷ್ಟನ್ನು ಅದು ಮೊದಲೇ ತಿಂದಿರುತ್ತದೆ.

ಹಾಗಾದರೆ ಹೊಸ ಹಲಗೆಗೆ ಏನಾಗಿತ್ತು? ಮೊದಲು ಲ್ಯಾಮಿನೇಶನ್ ಮೇಲೆ ಟ್ಯೂಬ್‌ಲೈಟಿನ ಪ್ರತಿಫಲನವೆಂದುಕೊಂಡೆ. ಹೊಳಪು ಬಿದ್ದ ಜಾಗವೆಲ್ಲ ಫೋನಿಗೆ ಬಿಳಿ. ಆದರೆ ಕೈಯಿಂದ ನೆರಳು ಮಾಡಿದರೂ, ಓರೆಯಾಗಿ ಹಿಡಿದರೂ ಓದಲಿಲ್ಲ. ಬೆಳಕಿನ ತೊಂದರೆಯಾಗಿದ್ದರೆ ಅಷ್ಟಕ್ಕೆ ಓದಬೇಕಿತ್ತು. ಆಗ ಎಡಗಡೆ ಮೇಲ್ಮೂಲೆ ಕಂಡಿತು. ಯಾರೋ ಭಕ್ತಿಯಿಂದ ಅಂಟಿಸಿದ ದೇವರ ಸ್ಟಿಕ್ಕರ್, ಸರಿಯಾಗಿ ಕಣ್ಣಿನ ಮೇಲೆ. 26 ಬೈಟ್‌ಗಳ ಕಾವಲು ಬರಹಕ್ಕೆ ಮಾತ್ರ, ಕಣ್ಣುಗಳಿಗಿಲ್ಲ. ಕಣ್ಣು ಸಿಗದಿದ್ದರೆ ಬಹುತೇಕ ಫೋನುಗಳು ಓದಲು ಶುರುವೇ ಮಾಡುವುದಿಲ್ಲ. ಸಾಲದ್ದಕ್ಕೆ ಚೌಕಟ್ಟಿಗೆ ಕೂಡಿಸಲು ಸುತ್ತಲಿನ ಬಿಳಿ ಅಂಚನ್ನೂ ಕತ್ತರಿಸಿದ್ದರು. ಪಟದ ಸುತ್ತ ನಾಲ್ಕು ಮನೆಯಷ್ಟು ಖಾಲಿ ಜಾಗ ಬೇಕು. ಇಲ್ಲದಿದ್ದರೆ ಕಪ್ಪು ಚೌಕಟ್ಟೇ ಕಣ್ಣಿಗೆ ಅಂಟಿಕೊಂಡು ಅನುಪಾತ ಕೆಡುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಯಾವುದಾದರೂ ಬರಹದ ಕ್ಯೂಆರ್ ಮುದ್ರಿಸಿ, ಕಪ್ಪು ಕಾಗದದ ಚೂರನ್ನು ಬಲಗಡೆ ಕೆಳಭಾಗದಲ್ಲಿಟ್ಟು ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುತ್ತ ಹೋಗಿ. ಓದುವುದು ನಿಂತ ಅಳತೆ ಗುರುತು ಹಾಕಿಕೊಂಡು, ಅದಕ್ಕಿಂತ ಚಿಕ್ಕ ಚೂರನ್ನು ಒಂದು ಕಣ್ಣಿನ ಮೇಲೆ ಇಡಿ.

ಮಾಲೀಕರು ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಗಲ್ಲಾಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದರು. ಚೌಕಟ್ಟಿನಿಂದ ಹಾಳೆಯನ್ನು ಹೊರತೆಗೆದು ಬಿಳಿ ರಟ್ಟಿನ ಮೇಲೆ ಇಟ್ಟೆವು. ನನ್ನ ಎರಡು ಇಡ್ಲಿಯ ದುಡ್ಡು ಆ ಹಲಗೆಯಿಂದಲೇ ಹೋಯಿತು.